ಅಮೆರಿಕದ ಡಿಸ್ಕ್, ಇಂಡಿಯಾದ ಅಕೌಂಟ್

ಅಮೆರಿಕದಿಂದ ಬರುವ ನೆಂಟರ ಕೈಲಿ ಪ್ಲೇಸ್ಟೇಷನ್ 5ರ ಗೇಮ್ ಡಿಸ್ಕ್ ತರಿಸಿಕೊಂಡರೆ ಇಲ್ಲಿನ ಕನ್ಸೋಲ್‌ನಲ್ಲಿ ಸಲೀಸಾಗಿ ಓಡುತ್ತದೆ. ಡಿಸ್ಕ್‌ಗೇ ಪ್ರದೇಶದ ಬೀಗ ಹಾಕುತ್ತಿದ್ದದ್ದು ಪ್ಲೇಸ್ಟೇಷನ್ 2ರ ಕಾಲದಲ್ಲಿ. ಈಗಿನ ತೊಡಕು ಶುರುವಾಗುವುದು ಆಮೇಲೆ. ಅದೇ ಗೇಮ್‌ನ ಹೆಚ್ಚುವರಿ ಅಧ್ಯಾಯವನ್ನು ಇಂಡಿಯಾದ ಸ್ಟೋರ್‌ನಲ್ಲಿ ಕೊಂಡರೆ, ದುಡ್ಡು ಹೋದರೂ ಗೇಮ್ ಅದನ್ನು ಗುರುತಿಸದಿರಬಹುದು.

ಕಾರಣ, ಅಮೆರಿಕ, ಯುರೋಪ್, ಜಪಾನ್ ಆವೃತ್ತಿಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಸಂಖ್ಯೆ. PPSA ಎಂಬ ಅಕ್ಷರಗಳ ಮುಂದೆ ಅದು ಡಿಸ್ಕ್ ಮೇಲೆ ಅಚ್ಚಾಗಿರುತ್ತದೆ. ಹೆಚ್ಚುವರಿ ಭಾಗ ತನ್ನ ಆವೃತ್ತಿಯ ಸಂಖ್ಯೆಯನ್ನಷ್ಟೇ ಒಪ್ಪುತ್ತದೆ. ಪೆಟ್ಟಿಗೆಯೊಳಗಿನ ಉಚಿತ ಕೋಡ್‌ ಕೂಡ ಹೀಗೆಯೇ: ಇಂಡಿಯಾದ ಅಕೌಂಟ್‌ನಲ್ಲಿ ಅದು ನಡೆಯದಿರಬಹುದು. ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಮೂಲ ಗೇಮ್ ಸಾಕೆನ್ನುವವರು ಧೈರ್ಯವಾಗಿ ತರಿಸಿಕೊಳ್ಳಿ. ಮುಂದಿನ ಅಧ್ಯಾಯಗಳೂ ಬೇಕೆಂದರೆ ಇಲ್ಲಿ ಮಾರುವ ಡಿಸ್ಕನ್ನೇ ಕೊಳ್ಳಿ.