ಒಂದು ಆರ್ಡರ್, ನಾಲ್ಕು ಊರು, ಎಷ್ಟು ಬಿಲ್?

ಬೈಕ್ ಮಾರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಮುಖ್ಯ ಕಚೇರಿಯೂ ದೊಡ್ಡ ಷೋರೂಮೂ ಬೆಂಗಳೂರಿನ ರಾಜಾಜಿನಗರದಲ್ಲಿ. ಶಾಖೆಗಳು ಮೈಸೂರು, ಹುಬ್ಬಳ್ಳಿ ಮತ್ತು ಹೊಸೂರಿನಲ್ಲಿ. ನೆಲ ಒರೆಸುವ ದ್ರಾವಣ ಪ್ರತಿ ತಿಂಗಳೂ ಪೀಣ್ಯದ ಒಬ್ಬ ಸರಬರಾಜುದಾರರಿಂದ ಬರುತ್ತದೆ. ಒಟ್ಟು 1 ಲಕ್ಷ ರೂಪಾಯಿಯ ಮಾಲು: ರಾಜಾಜಿನಗರಕ್ಕೆ 40,000, ಮೈಸೂರಿಗೆ 25,000, ಹುಬ್ಬಳ್ಳಿಗೆ 20,000, ಹೊಸೂರಿಗೆ 15,000. ಮಾಲು ನಾಲ್ಕು ಕಡೆ ಇಳಿಯುತ್ತದೆ, ಬಿಲ್ ಮಾತ್ರ ಒಂದೇ. 18,000 ರೂಪಾಯಿ ತೆರಿಗೆ ಸೇರಿ 1,18,000ದ ಆ ಬಿಲ್ ಮುಖ್ಯ ಕಚೇರಿಯ ಮೇಜಿಗೆ ಬಂದು ಬೀಳುತ್ತದೆ.

ತಿಂಗಳ ಕೊನೆಗೆ ಹುಬ್ಬಳ್ಳಿಯ ಮ್ಯಾನೇಜರ್ ತನ್ನ ಶಾಖೆಯ ಖರ್ಚೆಷ್ಟು ಎಂದು ಕೇಳುತ್ತಾರೆ. ಲೆಕ್ಕಪತ್ರ ವಿಭಾಗದವರಿಗೆ ಬೇಸರವಾಗಿ, ಇನ್ನು ಮುಂದೆ ಎಲ್ಲವನ್ನೂ ಬೇರೆ ಬೇರೆ ಬಿಲ್ ಮಾಡಿ ಕಳಿಸಿ ಎಂದು ಪೀಣ್ಯಕ್ಕೆ ಫೋನ್ ಹೋಗುತ್ತದೆ. ತೊಡಕು ಶುರುವಾಗುವುದು ಆ ‘ಎಲ್ಲವನ್ನೂ’ ಎಂಬ ಮಾತಿನಿಂದ. ಅದರೊಳಗೆ ಮೂರು ಬೇರೆ ಬೇರೆ ಕೋರಿಕೆಗಳು ಅಡಗಿವೆ. ಒಂದು ಕಾನೂನಿನ ಮಾತು, ಇನ್ನೊಂದು ಸಾಗಣೆಯ ಅನುಕೂಲ, ಮೂರನೆಯದು ಬರೀ ಮನೆಯೊಳಗಿನ ಲೆಕ್ಕ.

ಕಾನೂನಿನ ಮಾತು ಹೊಸೂರಿನದು. ಬೆಂಗಳೂರಿನಿಂದ ಒಂದೂವರೆ ಗಂಟೆಯ ದಾರಿಯಾದರೂ ಅದು ತಮಿಳುನಾಡು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ನೋಂದಣಿ ರಾಜ್ಯವಾರು ನಡೆಯುತ್ತದೆ. ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಒಂದೇ ಪ್ಯಾನ್ ಇದ್ದರೂ ಈ ಎರಡು ನಂಬರುಗಳು ಕಾನೂನಿನ ಕಣ್ಣಿಗೆ ಇಬ್ಬರು ಬೇರೆ ವ್ಯಕ್ತಿಗಳು. ಇಬ್ಬರು ಅಣ್ಣತಮ್ಮಂದಿರು ಪಾಲಾಗಿ ಬೇರೆ ಒಲೆ ಹೂಡಿದ ಹಾಗೆ.

ಹೊಸೂರಿನ ಮಾಲನ್ನೂ 29ರಿಂದ ಶುರುವಾಗುವ ನಂಬರಿಗೇ ಬಿಲ್ ಮಾಡಿಸಿದರೆ, ಮಾಲು ಕೊಂಡದ್ದು ಬೆಂಗಳೂರು ಎಂದಾಗುತ್ತದೆ. ಇದು ತಪ್ಪಲ್ಲ, ಆದರೆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಆಗ ಬೆಂಗಳೂರಿನ ಕಚೇರಿ ಅದೇ ಮಾಲಿಗೆ ಹೊಸೂರಿನ ಹೆಸರಿನಲ್ಲಿ ಇನ್ನೊಂದು ಬಿಲ್ ಬರೆದು ಐಜಿಎಸ್‌ಟಿ ಹಾಕಬೇಕು. ನಮ್ಮದೇ ಶಾಖೆ, ದುಡ್ಡು ಕೈಬದಲಾಗಿಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಬಹಳ ಕಡೆ ಈ ಎರಡನೆಯ ಬಿಲ್ಲೇ ಮರೆತುಹೋಗುತ್ತದೆ. ಹೊಸೂರಿಗೆ ಸಿಗಬೇಕಿದ್ದ 2,700 ರೂಪಾಯಿ ಇನ್‌ಪುಟ್ ಕ್ರೆಡಿಟ್ ಬೆಂಗಳೂರಿನ ಖಾತೆಯಲ್ಲೇ ಉಳಿದು, ಹೊಸೂರಿನವರು ಅಷ್ಟನ್ನು ಕೈಯಿಂದ ಕಟ್ಟುತ್ತಾರೆ. ತಪಾಸಣೆಯಾದಾಗ ಹೊಸೂರಿಗೆ ಹೋದ ಮಾಲಿನ ಬಿಲ್ ಎಲ್ಲಿ ಎಂಬ ಪ್ರಶ್ನೆ ಬೇರೆ.

ಆದ್ದರಿಂದ ಈ ಒಂದು ವಿಭಜನೆಯನ್ನು ಸರಬರಾಜುದಾರರಿಂದಲೇ ಮಾಡಿಸಿಕೊಳ್ಳುವುದು ಲೇಸು. ಹೊಸೂರಿನ 15,000ಕ್ಕೆ 33ರ ನಂಬರಿನ ಮೇಲೆ ಪ್ರತ್ಯೇಕ ಬಿಲ್, ಅದರಲ್ಲಿ 2,700 ಐಜಿಎಸ್‌ಟಿ. ಕರ್ನಾಟಕದ 85,000ಕ್ಕೆ ಕೇಂದ್ರದ್ದು 7,650, ರಾಜ್ಯದ್ದು 7,650. ಒಟ್ಟು ತೆರಿಗೆ ಅದೇ 18,000. ಹೋಗಬೇಕಾದ ಬಾಗಿಲು ಮಾತ್ರ ಬೇರೆ.

ಇನ್ನು ಮೈಸೂರು, ಹುಬ್ಬಳ್ಳಿ. ಇವೆರಡೂ ಕರ್ನಾಟಕದವು, ನಂಬರ್ ಒಂದೇ. ತೆರಿಗೆಯ ಮಟ್ಟಿಗೆ ಬಿಲ್ ಒಂದಿದ್ದರೂ ಮೂರಿದ್ದರೂ ವ್ಯತ್ಯಾಸವಿಲ್ಲ. ಆದರೆ ಹುಬ್ಬಳ್ಳಿಗೆ ಹೊರಟ ಲಾರಿಯ ಚಾಲಕನ ಕೈಯಲ್ಲಿ ಒಂದು ಕಾಗದ ಇರಬೇಕಲ್ಲ? ಮೂರು ಊರಿನ ಮಾಲು ಸೇರಿದ 85,000ದ ಬಿಲ್ ಹಿಡಿದು 20,000ದ ಮಾಲು ಸಾಗಿಸುವವನು ರಸ್ತೆಯಲ್ಲಿ ತಡೆದವರಿಗೆ ಕಥೆ ಹೇಳುತ್ತಾ ನಿಲ್ಲಬೇಕಾಗುತ್ತದೆ. ಇ-ವೇ ಬಿಲ್ಲಿನ ಮಿತಿ 50,000. ಬಿಲ್‌ನಲ್ಲಿರುವ ಮೊತ್ತ ಅದನ್ನು ದಾಟಿದೆ, ಗಾಡಿಯಲ್ಲಿರುವ ಮಾಲು ದಾಟಿಲ್ಲ. ಹಾಗಾಗಿ ಇಳಿಯುವ ಜಾಗಕ್ಕೊಂದು ಬಿಲ್ ಎನ್ನುವುದು ಸರಳ ಪದ್ಧತಿ. ಕೊಳ್ಳುವವರ ವಿಳಾಸದಲ್ಲಿ ರಾಜಾಜಿನಗರ, ತಲುಪಿಸುವ ವಿಳಾಸದಲ್ಲಿ ಹುಬ್ಬಳ್ಳಿ ಎಂದು ಎರಡನ್ನೂ ನಮೂದಿಸಬೇಕು. ಅದಕ್ಕೂ ಮುಂಚೆ ಹುಬ್ಬಳ್ಳಿಯ ವಿಳಾಸ ನೋಂದಣಿ ಪತ್ರದ ಹೆಚ್ಚುವರಿ ಸ್ಥಳಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಹೊಸ ಶಾಖೆ ತೆರೆದ ಸಂಭ್ರಮದಲ್ಲಿ ತಪ್ಪಿಹೋಗುವ ಕೆಲಸ ಇದೇ.

ಮೂರನೆಯದು ಕಾಸ್ಟ್ ಸೆಂಟರ್. ಖರ್ಚನ್ನು ಯಾವ ವಿಭಾಗದ ತಲೆಗೆ ಕಟ್ಟಬೇಕು ಎಂಬುದಕ್ಕೆ ಸಂಸ್ಥೆ ತಾನೇ ಇಟ್ಟುಕೊಂಡ ಹೆಸರು ಅದು. ರಾಜಾಜಿನಗರದ 40,000ದಲ್ಲಿ 16,000 ಷೋರೂಮಿನದು, 24,000 ಸರ್ವಿಸ್ ವಿಭಾಗದ್ದು ಎಂದಿಟ್ಟುಕೊಳ್ಳೋಣ. ಜಿಎಸ್‌ಟಿ ಕಾನೂನಿಗೆ ಈ ಹಂಚಿಕೆ ಬೇಕಿಲ್ಲ. ಇದಕ್ಕೆಂದು ಎರಡು ಬಿಲ್ ಕೇಳುವುದು ಸರಬರಾಜುದಾರರಿಗೆ ಕೊಡುವ ಅನವಶ್ಯಕ ಕಾಟ. ಒಂದೇ ಬಿಲ್ಲಿನಲ್ಲಿ ಎರಡು ಸಾಲು, ಪ್ರತಿ ಸಾಲಿನ ವಿವರದಲ್ಲಿ ವಿಭಾಗದ ಕೋಡ್ ಇದ್ದರೆ ಧಾರಾಳವಾಯಿತು. ಅದೂ ಆಗದಿದ್ದರೆ ಬಿಲ್ ನಮೂದಿಸುವಾಗ ಟ್ಯಾಲಿಯಲ್ಲೇ ಕಾಸ್ಟ್ ಸೆಂಟರ್‌ಗಳಿಗೆ ಹಂಚಬಹುದು. ಸಮ ಪಾಲು ಮಾಡುವಾಗ ಪೈಸೆ ಕೈಕೊಡುವುದುಂಟು: 1,000 ರೂಪಾಯಿಯ ಸಾಗಣೆ ವೆಚ್ಚವನ್ನು ಮೂರು ಭಾಗ ಮಾಡಿದರೆ 333.33ರಂತೆ 999.99 ಆಗುತ್ತದೆ. ಉಳಿದ ಒಂದು ಪೈಸೆಯನ್ನು ಕೊನೆಯ ಸಾಲಿಗೆ ಸೇರಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡರೆ ತಿಂಗಳ ಕೊನೆಯ ಹುಡುಕಾಟ ತಪ್ಪುತ್ತದೆ.

ಕೋರಿಕೆ ಹೋಗಬೇಕಾದದ್ದು ಮಾಲು ಹೊರಡುವ ಮುಂಚೆ, ಬರಹದಲ್ಲಿ. ‘ಪ್ರತಿ ವಿಳಾಸಕ್ಕೆ ಪ್ರತ್ಯೇಕ ಪರ್ಚೇಸ್ ಆರ್ಡರ್ ಕಳಿಸಿದ್ದೇವೆ. ದಯವಿಟ್ಟು ಆರ್ಡರಿಗೆ ಒಂದರಂತೆ ನಾಲ್ಕು ಬಿಲ್ ಮಾಡಿ. ಹೊಸೂರಿನದು ಮಾತ್ರ ತಮಿಳುನಾಡಿನ ಜಿಎಸ್‌ಟಿ ನಂಬರಿಗೆ, ಐಜಿಎಸ್‌ಟಿ ಹಾಕಿ. ರಾಜಾಜಿನಗರದ ಬಿಲ್ಲಿನಲ್ಲಿ ಕೋಡ್ 410 ಮತ್ತು 420 ಬೇರೆ ಸಾಲುಗಳಲ್ಲಿರಲಿ. ನಾಲ್ಕನ್ನೂ ಮುಖ್ಯ ಕಚೇರಿಯ ಮೇಲ್‌ಗೆ ಮಾತ್ರ ಕಳಿಸಿ.’ ಇಷ್ಟು ಸಾಕು. ಕೊನೆಯ ವಾಕ್ಯವನ್ನು ಬಿಟ್ಟರೆ ಶಾಖೆಯವರೂ ಮುಖ್ಯ ಕಚೇರಿಯವರೂ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಳಿಸುವ ಅಪಾಯವಿದೆ. ಆರ್ಡರ್ ಒಂದೇ ಕೊಟ್ಟು ಬಿಲ್ ನಾಲ್ಕು ಕೇಳಿದರೂ ಕಷ್ಟ. ಆರ್ಡರ್, ಮಾಲು ಪಡೆದ ಚೀಟಿ, ಬಿಲ್ ಈ ಮೂರನ್ನೂ ತಾಳೆ ನೋಡುವವರಿಗೆ ಯಾವುದೂ ಯಾವುದಕ್ಕೂ ಹೊಂದುವುದಿಲ್ಲ.

ಬಿಲ್ ಆದ ಮೇಲೆ ಕೇಳಿದರೆ ಏನಾಗುತ್ತದೆ? ಸರಬರಾಜುದಾರರ ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದ್ದರೆ ಅದು ಇ-ಇನ್‌ವಾಯ್ಸ್. ಪೋರ್ಟಲ್‌ನಲ್ಲಿ ಅದನ್ನು ತಿದ್ದಲು ಬರುವುದಿಲ್ಲ, 24 ಗಂಟೆಯೊಳಗೆ ರದ್ದು ಮಾಡಬಹುದು ಅಷ್ಟೇ. ರದ್ದಾದ ಬಿಲ್ಲಿನ ನಂಬರನ್ನು ಮತ್ತೆ ಬಳಸುವಂತಿಲ್ಲ. ಗಡುವು ಮೀರಿದರೆ ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಬರೆದು ಹೊಸ ಬಿಲ್ ಮಾಡಬೇಕು. ಮಾರಿದವರು ಹಿಂದಿನ ತಿಂಗಳ ಬಿಲ್ಲುಗಳನ್ನು 11ರೊಳಗೆ ಜಿಎಸ್‌ಟಿಆರ್-1ರಲ್ಲಿ ತುಂಬುತ್ತಾರೆ, 14ಕ್ಕೆ ಅವು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತವೆ. ಹೊಸೂರಿನ 2,700 ತಮಿಳುನಾಡಿನ ಪಟ್ಟಿಯಲ್ಲಿ ಬಂದಿದೆಯೇ ಎಂದು ಅಂದೇ ನೋಡಿಕೊಂಡರೆ, ತಪ್ಪು ಒಂದು ತಿಂಗಳಷ್ಟೇ ಹಳೆಯದಾಗಿರುತ್ತದೆ.

ಇದೆಲ್ಲ ಮಾಲಿನ ಮಾತು. ಕಾವಲುಗಾರರನ್ನು ಒದಗಿಸುವ ಏಜೆನ್ಸಿ ನಾಲ್ಕೂ ಶಾಖೆಗಳಿಗೆ ಸೇರಿಸಿ ಮುಖ್ಯ ಕಚೇರಿಗೆ ಒಂದೇ ಬಿಲ್ ಕೊಟ್ಟರೆ ದಾರಿ ಬೇರೆ. ಸೇವೆಗಳ ಇಂಥ ಸಾಮೂಹಿಕ ಬಿಲ್ಲಿನ ಕ್ರೆಡಿಟ್ಟನ್ನು ಬೇರೆ ರಾಜ್ಯದ ಶಾಖೆಗೆ ಹಂಚಲು 2025ರ ಏಪ್ರಿಲ್ 1ರಿಂದ ‘ಇನ್‌ಪುಟ್ ಸರ್ವಿಸ್ ಡಿಸ್ಟ್ರಿಬ್ಯೂಟರ್’ ಎಂಬ ಪ್ರತ್ಯೇಕ ನೋಂದಣಿ ಕಡ್ಡಾಯ. ಹೊಸೂರಿನ ಒಬ್ಬ ವಾಚ್‌ಮನ್ನಿಗಾಗಿ ಪ್ರತಿ ತಿಂಗಳೂ ಇನ್ನೊಂದು ರಿಟರ್ನ್ ತುಂಬುವುದಕ್ಕಿಂತ, ಅವನ ಸಂಬಳದ ಬಿಲ್ಲನ್ನು ನೇರವಾಗಿ ಹೊಸೂರಿನ ನಂಬರಿಗೇ ಹಾಕಿಸುವುದನ್ನು ಸಣ್ಣ ಸಂಸ್ಥೆಗಳು ಯೋಚಿಸಬಹುದು.