ಧನಾತ್ಮಕ ಭವಿಷ್ಯಸೂಚಕ ಮೌಲ್ಯ

ಧನಾತ್ಮಕ ಭವಿಷ್ಯಸೂಚಕ ಮೌಲ್ಯವು ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಪಾಸಿಟಿವ್ ಫಲಿತಾಂಶ ಪಡೆದವರ ಪೈಕಿ ಎಷ್ಟು ಮಂದಿಗೆ ನಿಜವಾಗಿಯೂ ರೋಗವಿದೆ ಎಂಬುದನ್ನು ತಿಳಿಸುವ ಪ್ರಮಾಣವಾಗಿದೆ. ಸಮುದಾಯ ವೈದ್ಯಶಾಸ್ತ್ರದ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಇದನ್ನು ಸಂವೇದನಾಶೀಲತೆಯೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು.

ಸಂಬಂಧಿತ ಪರಿಕಲ್ಪನೆಗಳು

ರೋಗವಿರುವವರಲ್ಲಿ ಪಾಸಿಟಿವ್ ಎಂದು ಗುರುತಿಸಲ್ಪಟ್ಟವರ ಪ್ರಮಾಣವನ್ನು ಸಂವೇದನಾಶೀಲತೆ ಎಂದೂ, ರೋಗವಿಲ್ಲದವರಲ್ಲಿ ನೆಗೆಟಿವ್ ಎಂದು ಗುರುತಿಸಲ್ಪಟ್ಟವರ ಪ್ರಮಾಣವನ್ನು ನಿರ್ದಿಷ್ಟತೆ ಎಂದೂ ಕರೆಯುತ್ತಾರೆ. ಇವೆರಡೂ ರೋಗದ ಸ್ಥಿತಿ ಮೊದಲೇ ತಿಳಿದಿರುವವರಿಂದ ಲೆಕ್ಕ ಹಾಕುವಂಥವು. ಭವಿಷ್ಯಸೂಚಕ ಮೌಲ್ಯದ ಲೆಕ್ಕವಾದರೋ ಫಲಿತಾಂಶದಿಂದ ಆರಂಭವಾಗುತ್ತದೆ. ಆದ್ದರಿಂದ ಅದು ಸಮುದಾಯದಲ್ಲಿ ರೋಗ ಎಷ್ಟು ಹರಡಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಉದಾಹರಣೆ

ಒಂದು ಪರೀಕ್ಷೆಯ ಸಂವೇದನಾಶೀಲತೆ 90%, ನಿರ್ದಿಷ್ಟತೆ 95% ಎಂದಿಟ್ಟುಕೊಳ್ಳಬಹುದು. 10,000 ಜನರಲ್ಲಿ 1% ಮಂದಿಗೆ, ಅಂದರೆ 100 ಮಂದಿಗೆ ರೋಗವಿದ್ದರೆ ಅವರಲ್ಲಿ 90 ಮಂದಿ ಪಾಸಿಟಿವ್ ಆಗುತ್ತಾರೆ. ರೋಗವಿಲ್ಲದ 9,900 ಮಂದಿಯಲ್ಲಿ 5%, ಅಂದರೆ 495 ಮಂದಿ ತಪ್ಪಾಗಿ ಪಾಸಿಟಿವ್ ಆಗುತ್ತಾರೆ. ಒಟ್ಟು 585 ಪಾಸಿಟಿವ್‌ಗಳಲ್ಲಿ ನಿಜವಾದವು 90 ಮಾತ್ರ. ಹೀಗಾಗಿ ಮೌಲ್ಯವು ಸುಮಾರು 15%.

ಅದೇ ಪರೀಕ್ಷೆಯನ್ನು 20% ಮಂದಿಗೆ ರೋಗವಿರುವ ಗುಂಪಿನಲ್ಲಿ ನಡೆಸಿದರೆ 1,800 ನಿಜವಾದ ಮತ್ತು 400 ತಪ್ಪು ಪಾಸಿಟಿವ್‌ಗಳು ದೊರೆಯುತ್ತವೆ. ಆಗ ಮೌಲ್ಯವು ಸುಮಾರು 82%ಕ್ಕೆ ಏರುತ್ತದೆ. ಪರೀಕ್ಷೆ ಬದಲಾಗಿಲ್ಲ, ಬದಲಾದದ್ದು ಜನಸಮೂಹ.

ಅಧ್ಯಯನ ವಿನ್ಯಾಸದಿಂದ ಉಂಟಾಗುವ ದೋಷ

ಸಂಶೋಧಕರು 100 ರೋಗಿಗಳನ್ನೂ 100 ಆರೋಗ್ಯವಂತರನ್ನೂ ತಾವೇ ಆರಿಸಿಕೊಂಡು ಪರೀಕ್ಷಿಸಿದರೆ 90 ನಿಜವಾದ ಮತ್ತು 5 ತಪ್ಪು ಪಾಸಿಟಿವ್‌ಗಳು ಬರುತ್ತವೆ. ಇದರಿಂದ ಮೌಲ್ಯವು ಸುಮಾರು 95% ಎಂದು ತೋರುತ್ತದೆ. ಆದರೆ ಇಲ್ಲಿ ರೋಗದ ಪ್ರಮಾಣ 50% ಆಗಿರುವುದು ಸಂಶೋಧಕರ ಆಯ್ಕೆಯಿಂದಲೇ ಹೊರತು ಸಮುದಾಯದ ಸ್ಥಿತಿಯಿಂದಲ್ಲ. ಇಂತಹ ಕೋಷ್ಟಕ ಕೊಟ್ಟಾಗ ಅದರಿಂದ ಭವಿಷ್ಯಸೂಚಕ ಮೌಲ್ಯವನ್ನು ನೇರವಾಗಿ ತೆಗೆಯಬಾರದು. ಸಮುದಾಯದಲ್ಲಿನ ರೋಗದ ಪ್ರಮಾಣವನ್ನು ಬಳಸಿ ಹೊಸ ಕೋಷ್ಟಕ ರಚಿಸಬೇಕು.

ಪರಿಹಾರ ಮತ್ತು ಮಿತಿ

ರೋಗ ವಿರಳವಾಗಿರುವಲ್ಲಿ ಮೊದಲು ಪಾಸಿಟಿವ್ ಆದವರನ್ನು ಬೇರೊಂದು ಪರೀಕ್ಷೆಗೆ ಒಳಪಡಿಸುತ್ತಾರೆ. ಭಾರತದಲ್ಲಿ ರೋಗಲಕ್ಷಣಗಳಿಲ್ಲದವರ ಎಚ್‌ಐವಿ ಸೋಂಕನ್ನು ಮೂರು ಭಿನ್ನ ಪರೀಕ್ಷೆಗಳಿಂದ ದೃಢಪಡಿಸುವುದರ ತರ್ಕ ಇದೇ.

ಮೇಲಿನ 585 ಮಂದಿಗೆ ಅಷ್ಟೇ ನಿಖರವಾದ ಮತ್ತೊಂದು ಸ್ವತಂತ್ರ ಪರೀಕ್ಷೆ ನಡೆಸಿದರೆ 81 ನಿಜವಾದ ಮತ್ತು ಸುಮಾರು 25 ತಪ್ಪು ಪಾಸಿಟಿವ್‌ಗಳು ಉಳಿಯುತ್ತವೆ. ಮೌಲ್ಯವು 15%ರಿಂದ ಸುಮಾರು 76%ಕ್ಕೆ ಏರುತ್ತದೆ. ಆದರೆ ರೋಗವಿದ್ದ 100 ಮಂದಿಯಲ್ಲಿ ಕೈತಪ್ಪಿದವರ ಸಂಖ್ಯೆ 10ರಿಂದ 19ಕ್ಕೆ ಹೆಚ್ಚುತ್ತದೆ. ಎರಡೂ ಪರೀಕ್ಷೆಗಳು ಒಂದೇ ಕಾರಣದಿಂದ ತಪ್ಪುವಂತಿದ್ದರೆ ಈ ಲಾಭವೂ ಕುಗ್ಗುತ್ತದೆ.