ಒಂದು ನಿಮಿಷದಲ್ಲಿ ಕೌಂಟರ್ ಕಾಣಬೇಕು

ಅಂಗಡಿ ಕೆಲಸದ ವಾಕ್-ಇನ್ ಸಂದರ್ಶನಕ್ಕೆ ಬೆಳಿಗ್ಗೆ ಹತ್ತಕ್ಕೇ ಸಾಲು ನಿಂತಿರುತ್ತದೆ. ಒಳಗೆ ಕೂತಿರುವುದು ಸಾಮಾನ್ಯವಾಗಿ ಎಚ್‌ಆರ್‌ನವರೊಬ್ಬರು, ಜೊತೆಗೆ ಸ್ಟೋರ್ ಮ್ಯಾನೇಜರ್. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಮೊದಲ ಮಾತು ಮಾತ್ರ ಎಲ್ಲರಿಗೂ ಒಂದೇ: ‘ನಿಮ್ಮ ಬಗ್ಗೆ ಹೇಳಿ.’

ಹೆಚ್ಚಿನವರು ಎಡವುವುದು ಇಲ್ಲೇ. ಯಾರೋ ಬರೆದುಕೊಟ್ಟ ಇಂಗ್ಲಿಷ್ ಸಾಲುಗಳನ್ನು ಉರು ಹೊಡೆದು ಬಂದಿರುತ್ತಾರೆ. ಅಪ್ಪ ರೈತರು, ಅಮ್ಮ ಗೃಹಿಣಿ, ನನ್ನ ಹವ್ಯಾಸ ಹಾಡು ಕೇಳುವುದು, ನಾನು ಕಷ್ಟಪಟ್ಟು ದುಡಿಯುವವನು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮ್ಯಾನೇಜರ್‌ಗೆ ಬೇಕಾದದ್ದೂ ಏನೂ ಇಲ್ಲ. ಅವರ ತಲೆಯಲ್ಲಿರುವುದು ಮೂರೇ ಪ್ರಶ್ನೆ. ಇವರು ಯಾವ ಕೆಲಸ ಮಾಡಿದ್ದಾರೆ? ಹಣ, ಗಿರಾಕಿ ಎರಡನ್ನೂ ಇವರ ಕೈಗೆ ಬಿಡಬಹುದೇ? ಭಾನುವಾರ, ಹಬ್ಬದ ದಿನ ಬರುತ್ತಾರೋ ಇಲ್ಲವೋ? ಪರಿಚಯ ಈ ಮೂರಕ್ಕೆ, ಇದೇ ಕ್ರಮದಲ್ಲಿ, ಉತ್ತರ ಕೊಟ್ಟರೆ ಸಾಕು.

ದಾವಣಗೆರೆಯ ಸೂಪರ್ ಮಾರ್ಕೆಟ್ ಒಂದರಲ್ಲಿ 2 ವರ್ಷ ದುಡಿದ ಹುಡುಗಿ ಬೆಂಗಳೂರಿನ ಮಲ್ಲೇಶ್ವರದ ಮಳಿಗೆಯೊಂದಕ್ಕೆ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿದ ಮೇಲೆ ಅವಳ ಮಾತು ಹೀಗಿರಬಹುದು:

‘ಊರು ದಾವಣಗೆರೆ, ಪಿಯುಸಿ ಆಗಿದೆ ಸರ್. ಅಲ್ಲಿ ಒಂದು ಸೂಪರ್ ಮಾರ್ಕೆಟ್‌ನಲ್ಲಿ 2 ವರ್ಷ ಇದ್ದೆ. ಮೊದಲ 8 ತಿಂಗಳು ದಿನಸಿ ರ‍್ಯಾಕ್ ನೋಡ್ಕೊಂಡೆ. ಹೊಸ ಸ್ಟಾಕ್ ಹಿಂದೆ, ಎಕ್ಸ್‌ಪೈರಿ ಹತ್ತಿರ ಇರೋದು ಮುಂದೆ ಜೋಡಿಸ್ತಿದ್ದೆ. ಆಮೇಲೆ ಬಿಲ್ಲಿಂಗ್‌ಗೆ ಹಾಕಿದ್ರು. ಕ್ಯಾಷ್, ಕಾರ್ಡ್, ಯುಪಿಐ ಮೂರೂ ಬರುತ್ತೆ. ರಾತ್ರಿ ಕೌಂಟರ್ ಮುಚ್ಚುವಾಗ ಕ್ಯಾಷ್ ಟ್ಯಾಲಿ ಮಾಡಿ ನಾನೇ ಒಪ್ಪಿಸ್ತಿದ್ದೆ. ಒಂದ್ಸಲ ಗಿರಾಕಿ ಒಬ್ಬರು ಮೊಬೈಲ್ ತೋರಿಸಿ ದುಡ್ಡು ಹಾಕಿದೀನಿ ಅಂದ್ರು. ನಮ್ಮ ಮಷಿನ್‌ಗೆ ಬಂದಿರಲಿಲ್ಲ. ಅವರನ್ನ ಪಕ್ಕಕ್ಕೆ ಕೂರಿಸಿ, ಬಿಲ್ ಹೋಲ್ಡ್ ಮಾಡಿ, ಹಿಂದಿನವರ ಬಿಲ್ ಹಾಕ್ದೆ. ಆಮೇಲೆ ಬಂತು, ಬಿಲ್ ಕೊಟ್ಟು ಕಳಿಸ್ದೆ. ಈಗ ದಾಸರಹಳ್ಳಿಯಲ್ಲಿ ಅಕ್ಕನ ಮನೇಲಿದೀನಿ, ಮೆಟ್ರೊದಲ್ಲಿ ಬರ್ತೀನಿ. ಸಂಜೆ ಶಿಫ್ಟ್ ಆಗುತ್ತೆ, ಶನಿವಾರ ಭಾನುವಾರ ಬರ್ತೀನಿ. ಸೋಮವಾರದಿಂದಲೇ ಸೇರಬಹುದು.’

ಓದಿದರೆ ಹೆಚ್ಚು ಕಡಿಮೆ ಒಂದು ನಿಮಿಷ. ಇದರಲ್ಲಿ ‘ನಾನು ಪ್ರಾಮಾಣಿಕಳು’ ಎಂಬ ಮಾತಿಲ್ಲ. ರಾತ್ರಿ ಲೆಕ್ಕ ಒಪ್ಪಿಸುತ್ತಿದ್ದೆ ಎಂದಾಗಲೇ ಅದು ಗೊತ್ತಾಗುತ್ತದೆ. ಯುಪಿಐ ಪ್ರಸಂಗವಂತೂ ಇಡೀ ಪರಿಚಯದ ಬಂಡವಾಳ. ಗಿರಾಕಿಯ ಮೊಬೈಲ್ ಪರದೆಯನ್ನು ನಂಬದೆ ಅಂಗಡಿಯ ಮಷಿನ್ ನೋಡಬೇಕೆಂಬುದು ಅವಳಿಗೆ ಗೊತ್ತು. ಗಿರಾಕಿಯನ್ನು ಕಳ್ಳನಂತೆ ಕಾಣಲಿಲ್ಲ, ಸಾಲನ್ನೂ ನಿಲ್ಲಿಸಲಿಲ್ಲ. ಕೌಂಟರ್‌ನಲ್ಲಿ ಕೂತವರಿಗಷ್ಟೇ ಹೊಳೆಯುವ ವಿವರ ಇದು. ಎರವಲು ತಂದು ಹೇಳಲಾಗುವುದಿಲ್ಲ.

ಹಾಗಾಗಿ ಮಾಡದ ಕೆಲಸವನ್ನು ಸೇರಿಸಬೇಡಿ. ‘ಬಿಲ್ಲಿಂಗ್ ಬರುತ್ತೆ’ ಎಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಬಿಲ್ ಆದ ಮೇಲೆ ಗಿರಾಕಿ ಒಂದು ಸಾಮಾನು ಬೇಡ ಅಂದರೆ ಏನು ಮಾಡ್ತೀರಿ? 1,340 ರೂಪಾಯಿ ಬಿಲ್‌ಗೆ 2,000 ಕೊಟ್ಟರೆ ಚಿಲ್ಲರೆ ಎಷ್ಟು? 660 ಎನ್ನಲು ತಡವರಿಸಿದರೆ ಹಿಂದೆ ಹೇಳಿದ ಎರಡು ವರ್ಷವೂ ಅನುಮಾನಕ್ಕೆ ಬೀಳುತ್ತದೆ.

ಇನ್ನೊಂದು ಎಡವಟ್ಟು, ನಡುವೆ ತಡೆದಾಗ ಆಗುವುದು. ಉರು ಹೊಡೆದವರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ವಾಕ್ಯಗಳನ್ನು ಬಾಯಿಪಾಠ ಮಾಡುವ ಬದಲು ‘ರ‍್ಯಾಕ್, ಬಿಲ್ಲಿಂಗ್, ಯುಪಿಐ, ಶಿಫ್ಟ್’ ಎಂದು ನಾಲ್ಕು ಪದ ನೆನಪಿಟ್ಟುಕೊಂಡರೆ, ಎಲ್ಲಿ ತಡೆದರೂ ಅಲ್ಲಿಂದಲೇ ಮುಂದುವರಿಯಬಹುದು. ಇಂಗ್ಲಿಷ್ ಸಲೀಸಾಗಿ ಬಾರದಿದ್ದರೆ ‘ಕನ್ನಡದಲ್ಲಿ ಹೇಳಲಾ ಸರ್?’ ಎಂದು ಮೊದಲೇ ಕೇಳಿಬಿಡಿ. ಬೆಂಗಳೂರಿನಲ್ಲಿ ಗಿರಾಕಿಯೊಂದಿಗೆ ಎರಡು ಮಾತಾಡುವಷ್ಟು ಹಿಂದಿ, ಇಂಗ್ಲಿಷ್ ಬಂದರೆ ಅದನ್ನೂ ಹೇಳಿ.

ಅನುಭವವೇ ಇಲ್ಲದವರು ಏನು ಮಾಡಬೇಕು? ಮಾವನ ಕಿರಾಣಿ ಅಂಗಡಿಯಲ್ಲಿ ಸಂಜೆ ತೂಕ ಮಾಡಿಕೊಟ್ಟದ್ದು, ಜಾತ್ರೆಯಲ್ಲಿ ಬಳೆ ಅಂಗಡಿ ನೋಡಿಕೊಂಡದ್ದು ಅನುಭವವೇ. ಏನು ಮಾರಿದಿರಿ, ದುಡ್ಡಿನ ಲೆಕ್ಕ ಯಾರಿಗೆ ಕೊಡುತ್ತಿದ್ದಿರಿ ಎಂಬುದನ್ನು ಹೇಳಿ. ‘ಯಾವ ಕೆಲಸ ಆದರೂ ಪರವಾಗಿಲ್ಲ’ ಎನ್ನುವುದು ವಿನಯವಿರಬಹುದು, ಆದರೆ ಕೇಳುವವರಿಗೆ ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ.

ಹಳೆಯ ಮಾಲೀಕರ ದೂರು ಪರಿಚಯದಲ್ಲಿ ಬೇಡ. ಸಂಬಳದ ಮಾತೂ ಅವರೇ ಎತ್ತಲಿ. ಎತ್ತಿದಾಗ ಮಾತ್ರ ಸಂಕೋಚಪಡಬೇಡಿ: ಪಿಎಫ್, ಇಎಸ್‌ಐ ಕಳೆದು ಕೈಗೆ ಬರುವುದೆಷ್ಟು, ವಾರದ ರಜೆ ಯಾವತ್ತು ಎಂಬೆರಡನ್ನೂ ಕೇಳಿಕೊಂಡೇ ಎದ್ದು ಬನ್ನಿ.